ಕಾಲಂನ 274 ಸರಿ, ಫೂಟಿಂಗ್‌ನ 80 ತಪ್ಪು: ಕಬ್ಬಿಣದ ಪಟ್ಟಿಯನ್ನು ಓದುವ ಬಗೆ

ಪ್ರಶ್ನೆ: ಸರ್, ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಎರೆ ಭೂಮಿ, ಒಟ್ಟು 12 ಕಾಲಂ. ಕೂಲಿ ಮಾತ್ರ ಗುತ್ತಿಗೆ, ಸಾಮಾನು ನಮ್ಮದೇ. ಮೊದಲ ಛಾವಣಿಯವರೆಗೆ ಬೇಕಾಗುವ ಕಬ್ಬಿಣದ ಪಟ್ಟಿಯನ್ನು ಮೇಸ್ತ್ರಿ ಕೊಟ್ಟಿದ್ದಾರೆ: ಫೂಟಿಂಗ್‌ಗೆ 864 ಕೆಜಿ (ಕಾಂಕ್ರೀಟ್ 10.8 ಘನ ಮೀಟರ್), ಕಾಲಂಗೆ 930 ಕೆಜಿ (3.4 ಘನ ಮೀಟರ್), ಬೀಮ್‌ಗೆ 700 ಕೆಜಿ (4.2 ಘನ ಮೀಟರ್), ಸ್ಲ್ಯಾಬ್‌ಗೆ 1,140 ಕೆಜಿ (11.25 ಘನ ಮೀಟರ್). ಭಾಗಿಸಿ ನೋಡಿದರೆ ಘನ ಮೀಟರ್‌ಗೆ 80, 274, 167 ಮತ್ತು 101 ಕೆಜಿ ಬರುತ್ತದೆ. ಪರಿಚಯದ ಒಬ್ಬರು ನೋಡಿ, ಫೂಟಿಂಗ್ ಸರಿಯಾಗಿದೆ, ಕಾಲಂ 180 ದಾಟಬಾರದು, ಅಲ್ಲಿ ಮೋಸ ನಡೆದಿದೆ ಎಂದರು. ನಕ್ಷೆಯ ಚಿತ್ರಗಳನ್ನು ಜೊತೆಗೆ ಕಳುಹಿಸಿದ್ದೇನೆ. ಮೇಸ್ತ್ರಿಯ ಜೊತೆ ಮಾತನಾಡುವ ಮೊದಲು ನಿಮ್ಮ ಅಭಿಪ್ರಾಯ ಬೇಕು.

ಉತ್ತರ:

ಕಾಲಂ ವಿಷಯಕ್ಕೆ ಮೇಸ್ತ್ರಿಯ ಮೇಲೆ ದಯವಿಟ್ಟು ಹರಿಹಾಯಬೇಡಿ. ನಿಮ್ಮ ನಕ್ಷೆಯನ್ನು ಮುಂದಿಟ್ಟುಕೊಂಡು ಸರಳುಗಳನ್ನು ಒಂದೊಂದಾಗಿ ಎಣಿಸಿದೆ. ಆ 930 ಕೆಜಿ ಸರಿಯಾಗಿಯೇ ಇದೆ. ನಿಮ್ಮ ಪರಿಚಯದವರು ಸರಿ ಎಂದು ಬಿಟ್ಟುಬಿಟ್ಟ ಫೂಟಿಂಗ್‌ನಲ್ಲಿ ಬೇಕಾದ್ದಕ್ಕಿಂತ ಎರಡು ಪಟ್ಟು ಕಬ್ಬಿಣ ಬರೆದಿದ್ದಾರೆ. ಸ್ಲ್ಯಾಬ್‌ನಲ್ಲಿಯೂ ನಾನೂರು ಕೆಜಿಯಷ್ಟು ಹೆಚ್ಚು ಕಾಣುತ್ತಿದೆ. ಹೇಗೆಂದು ಒಂದೊಂದಾಗಿ ಹೇಳುತ್ತೇನೆ. ಹಾಗೆ ಹೇಳುತ್ತಾ ಹೋದರೆ ಘನ ಮೀಟರ್‌ಗೆ ಇಷ್ಟು ಕೆಜಿ ಎಂಬ ಲೆಕ್ಕವನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದೂ ತಿಳಿಯುತ್ತದೆ.

ಮೊದಲು ಈ ಲೆಕ್ಕದ ಬೇರು ಎಲ್ಲಿದೆ ನೋಡೋಣ. ಒಂದು ಘನ ಮೀಟರ್ ಉಕ್ಕಿನ ತೂಕ 7,850 ಕೆಜಿ. ಹಾಗಾಗಿ ಕಾಂಕ್ರೀಟಿನ ಗಾತ್ರದಲ್ಲಿ ನೂರಕ್ಕೆ ಒಂದು ಪಾಲು ಕಬ್ಬಿಣವಿದ್ದರೆ ಘನ ಮೀಟರ್‌ಗೆ 78.5 ಕೆಜಿ ಆಗುತ್ತದೆ. ಬಾಯಿಲೆಕ್ಕಕ್ಕೆ 80 ಎನ್ನುತ್ತಾರೆ. ಸ್ಲ್ಯಾಬ್‌ಗೆ ಶೇಕಡ 0.7ರಿಂದ 1, ಬೀಮ್‌ಗೆ 1ರಿಂದ 2, ಫೂಟಿಂಗ್‌ಗೆ 0.5ರಿಂದ 0.8 ಎಂದು ಅಂದಾಜುಪಟ್ಟಿ ಬರೆಯುವವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ನಕ್ಷೆ ಇನ್ನೂ ಕೈಗೆ ಬರದಿದ್ದಾಗ ಹಣದ ಅಂದಾಜು ಮಾಡಲು ಹುಟ್ಟಿದ ಅಂಕಿಗಳಿವು. ನಕ್ಷೆ ಕೈಯಲ್ಲಿರುವವರು ಇವುಗಳಿಂದ ಕಬ್ಬಿಣ ಕೊಳ್ಳಬಾರದು. ಪಟ್ಟಿಯ ಯಾವ ಸಾಲಿನ ಮೇಲೆ ಬೆರಳಿಟ್ಟು ಕೇಳಬೇಕು ಎಂಬುದನ್ನು ಕಂಡುಕೊಳ್ಳಲು ಮಾತ್ರ ಬಳಸಬೇಕು.

ಕಾಲಂನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮಗೆ ಆತಂಕವಾಗಿರುವುದು ಅಲ್ಲಿ. ನಕ್ಷೆಯ ಪ್ರಕಾರ ಕಾಲಂ 9 ಇಂಚು ಅಗಲ, 15 ಇಂಚು ಉದ್ದ, ಅಂದರೆ 230 ಮಿಮೀಗೆ 380 ಮಿಮೀ. ಒಳಗೆ 16 ಎಂಎಂ ಸರಳು ಆರು, 8 ಎಂಎಂ ರಿಂಗ್ 6 ಇಂಚಿಗೊಂದು. ಸರಳಿನ ತೂಕ ತಿಳಿಯಲು ಅದರ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಸಾಕು, ಒಂದು ಮೀಟರ್ ಉದ್ದಕ್ಕೆ ಎಷ್ಟು ಕೆಜಿ ಎಂದು ಸಿಗುತ್ತದೆ. 16 ಎಂಎಂಗೆ 1.58, 12 ಎಂಎಂಗೆ 0.89, 10 ಎಂಎಂಗೆ 0.62, 8 ಎಂಎಂಗೆ 0.395. ಈ ನಾಲ್ಕು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ.

ನಿಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣಿನ ಮೇಲೆ ಫೂಟಿಂಗ್ ಕೂರಿಸಲಾಗದು. ಮುರುಮು ಅಥವಾ ಗಟ್ಟಿ ಪದರ ಸಿಗುವವರೆಗೆ ಅಗೆಯಬೇಕು. ನಿಮ್ಮ ನಕ್ಷೆಯಲ್ಲಿ ಫೂಟಿಂಗ್‌ನ ಮೇಲ್ಮೈಯಿಂದ ಪ್ಲಿಂತ್‌ವರೆಗೆ 1.6 ಮೀಟರ್ ಇದೆ, ಪ್ಲಿಂತ್‌ನಿಂದ ಛಾವಣಿಯ ಮೇಲ್ಮೈಗೆ 3.2 ಮೀಟರ್. ಕಾಲಂನ ನಿಜವಾದ ಎತ್ತರ 4.8 ಮೀಟರ್. ಮೇಸ್ತ್ರಿ ಕಬ್ಬಿಣವನ್ನು ಈ ಪೂರ್ತಿ ಎತ್ತರಕ್ಕೆ ಲೆಕ್ಕ ಹಾಕಿದ್ದಾರೆ. ಕಾಂಕ್ರೀಟನ್ನು ಮಾತ್ರ ಕಣ್ಣಿಗೆ ಕಾಣುವ 3.2 ಮೀಟರ್‌ಗೆ ಬರೆದಿದ್ದಾರೆ. 0.23ನ್ನು 0.38ರಿಂದ, ಅದನ್ನು 3.2ರಿಂದ, ಅದನ್ನು 12 ಕಾಲಂನಿಂದ ಗುಣಿಸಿ ನೋಡಿ, ಅವರು ಬರೆದ 3.4 ಘನ ಮೀಟರ್ ಅಲ್ಲಿಯೇ ಸಿಗುತ್ತದೆ. ನೆಲದೊಳಗೆ ಹೋಗುವ ಒಂದೂವರೆ ಘನ ಮೀಟರ್‌ಗಿಂತ ಹೆಚ್ಚು ಕಾಂಕ್ರೀಟ್ ಪಟ್ಟಿಯಿಂದ ಬಿಟ್ಟುಹೋಗಿದೆ. ಬಹುಶಃ ಅದನ್ನು ಪಾಯದ ಕೆಲಸದ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ.

ಈಗ ಒಂದು ಕಾಲಂನ ಕಬ್ಬಿಣ ನೋಡೋಣ. ಉದ್ದ ಸರಳು ಕಾಲಂನೊಳಗೆ 4.8 ಮೀಟರ್ ಇರುತ್ತದೆ. ಕೆಳಗೆ ಫೂಟಿಂಗ್‌ನೊಳಗೆ ಇಳಿದು ಅಡ್ಡಕ್ಕೆ ಮಡಚಿಕೊಳ್ಳಲು 65 ಸೆಂಟಿಮೀಟರ್ ಬೇಕು. ಮೇಲಿನ ಮಹಡಿಯ ಸರಳಿಗೆ ಜೋಡಿಸಲು ಛಾವಣಿಯ ಮೇಲೆ 80 ಸೆಂಟಿಮೀಟರ್ ಬಿಡಬೇಕು. ಅಲ್ಲಿಗೆ ಒಂದು ಸರಳು 6.25 ಮೀಟರ್, ಆರು ಸರಳಿಗೆ 59 ಕೆಜಿ. ರಿಂಗ್‌ಗಳು 33 ಬೇಕು. ನಡುವಿನ ಎರಡು ಸರಳನ್ನು ಹಿಡಿಯುವ ಕೊಂಡಿಯೂ ಸೇರಿ ಒಂದಕ್ಕೆ ಸುಮಾರು 1.4 ಮೀಟರ್ ಹಿಡಿದರೆ 18 ಕೆಜಿ. ಒಟ್ಟು 77.5 ಕೆಜಿ, ಹನ್ನೆರಡು ಕಾಲಂಗೆ 930. ಮೇಸ್ತ್ರಿಯ ಅಂಕಿಯೂ ಅದೇ. ಅವರು ಇಲ್ಲಿ ಶ್ರದ್ಧೆಯಿಂದ ಎಣಿಸಿದ್ದಾರೆ.

ಈ 930ನ್ನು ನಿಜವಾದ ಗಾತ್ರದಿಂದ, ಅಂದರೆ 5.03 ಘನ ಮೀಟರ್‌ನಿಂದ ಭಾಗಿಸಿದರೆ ಬರುವುದು 185. ಇದನ್ನು ಬಿಡಿಸಿ ನೋಡಿದರೆ ಕಾಲಂನ ಸ್ವಭಾವವೂ ಗೊತ್ತಾಗುತ್ತದೆ. ಕಾಲಂನ ಎತ್ತರದುದ್ದಕ್ಕೆ ನಿಂತ ಆರು ಸರಳುಗಳಿಂದ ಬರುವುದು ಘನ ಮೀಟರ್‌ಗೆ 108 ಕೆಜಿ. ರಿಂಗ್‌ಗಳಿಂದ 43. ಕೆಳಗಿನ ಮಡಿಕೆ ಮತ್ತು ಮೇಲಿನ ಜೋಡಣೆಯಿಂದ 33. ನಕ್ಷೆಯಲ್ಲಿ ಶೇಕಡ 1.4ರಷ್ಟೇ ಕಬ್ಬಿಣ ಕಾಣುವ ಕಾಲಂ ಪಟ್ಟಿಗೆ ಬರುವಾಗ ಶೇಕಡ 2.4ರ ಹತ್ತಿರ ಬರುತ್ತದೆ. ರಿಂಗನ್ನೂ ಜೋಡಣೆಯನ್ನೂ ಮರೆತು ಶೇಕಡಾವಾರು ಲೆಕ್ಕ ಮಾತ್ರ ಹಿಡಿದವರಿಗೆ ಮನೆಯ ಕಾಲಂನ ಅಂಕಿ ಸದಾ ದೊಡ್ಡದಾಗಿಯೇ ಕಾಣುತ್ತದೆ. ಕಾಲಂ ಸಣ್ಣದಾದಷ್ಟೂ ಅಂಕಿ ಏರುತ್ತದೆ. 9 ಇಂಚಿಗೆ 12 ಇಂಚಿನ ಕಾಲಂನಲ್ಲಿ ಅದೇ ಆರು ಸರಳು ಇದ್ದರೆ ಕಬ್ಬಿಣ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಭಾಗಿಸುವ ಕಾಂಕ್ರೀಟ್ ಮಾತ್ರ ಐದರಲ್ಲಿ ಒಂದು ಪಾಲು ತಗ್ಗುತ್ತದೆ. ಹೀಗಾಗಿ ಕಾಲಂಗೆ ಇಂತಿಷ್ಟು ಎಂಬ ಮೇಲಿನ ಮಿತಿ ಹೇಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಕೆಳಗಿನ ಮಿತಿಯಲ್ಲಿ ನಂಬಿಕೆಯಿದೆ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕಾಲಂನ ಉದ್ದ ಸರಳುಗಳು ಅಡ್ಡಕೊಯ್ತದ ಶೇಕಡ 0.8ಕ್ಕಿಂತ ಕಡಿಮೆ ಇರುವಂತಿಲ್ಲ. ಅದೊಂದೇ 63 ಕೆಜಿ ಆಗುತ್ತದೆ. ಮೇಲೆ ರಿಂಗ್ ಮತ್ತು ಜೋಡಣೆ ಸೇರಬೇಕು. ಮನೆಯ ಕಾಲಂ ಎಲ್ಲಾ ಸೇರಿ 100ರ ಕೆಳಗೆ ಇಳಿದರೆ ಏನೋ ಬಿಟ್ಟುಹೋಗಿದೆ ಎಂದೇ ಅರ್ಥ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಸರಳು ಅಂಗಡಿಯಲ್ಲಿ ಸಿಗುವುದು 12 ಮೀಟರ್ ಉದ್ದದಲ್ಲಿ. 6.25 ಮೀಟರ್ ತುಂಡು ಒಂದು ಸರಳಿನಿಂದ ಒಂದೇ ಬರುತ್ತದೆ, 5.75 ಮೀಟರ್ ಉಳಿಯುತ್ತದೆ. 72 ತುಂಡಿಗೆ 72 ಪೂರ್ತಿ ಸರಳು ಕೊಳ್ಳಬೇಕು, ಅದರ ತೂಕ 1,365 ಕೆಜಿ, ಕಾಲಂನೊಳಗೆ ಹೋಗುವುದು 711 ಕೆಜಿ ಮಾತ್ರ. ಉಳಿದ ತುಂಡುಗಳಿಂದ ಮೇಲಿನ ಮಹಡಿಯ 4 ಮೀಟರ್ ಸರಳುಗಳನ್ನು ಕತ್ತರಿಸಬಹುದು, ಆದ್ದರಿಂದ ಅದು ನಷ್ಟವಲ್ಲ. ಆದರೆ ಅಂಗಡಿಯ ಬಿಲ್ಲನ್ನು ಮುಂದಿಟ್ಟುಕೊಂಡು ಘನ ಮೀಟರ್ ಲೆಕ್ಕ ಹಾಕಿದರೆ ಮೇಸ್ತ್ರಿ ಕಳ್ಳನಂತೆ ಕಾಣುತ್ತಾರೆ. ಈ ಲೆಕ್ಕಕ್ಕೆ ಕತ್ತರಿಸಿ ಕಟ್ಟಿದ ಕಬ್ಬಿಣದ ತೂಕವನ್ನೇ ತೆಗೆದುಕೊಳ್ಳಬೇಕು. ಉಳಿದ ತುಂಡುಗಳು ಎಲ್ಲಿವೆ ಎಂದು ಕೇಳುವ ಹಕ್ಕು ನಿಮಗಿದೆ, ಅದನ್ನು ಬೇರೆಯಾಗಿ ಕೇಳಿ.

ಈಗ ಫೂಟಿಂಗ್‌ಗೆ ಬರುತ್ತೇನೆ. ನಿಮ್ಮ ಪರಿಚಯದವರ ಕಣ್ಣಿಗೆ 80 ಸಹಜವಾಗಿ ಕಂಡಿತು. ನನ್ನ ಕಣ್ಣಿಗೆ ಮೊದಲು ಚುಚ್ಚಿದ್ದೇ ಅದು. 10.8ನ್ನು 80ರಿಂದ ಗುಣಿಸಿದರೆ ಸರಿಯಾಗಿ 864. ಒಂದು ಕೆಜಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಸರಳು ಎಣಿಸಿ ಬಂದ ಮೊತ್ತ ಇಷ್ಟು ನುಣ್ಣಗೆ ಭಾಗವಾಗುವುದಿಲ್ಲ. ಕಾಲಂನಲ್ಲಿ ಎಣಿಸಿದ ಮೇಸ್ತ್ರಿ ಫೂಟಿಂಗ್‌ನಲ್ಲಿ ಬಾಯಿಲೆಕ್ಕದ 80ನ್ನು ತೆಗೆದುಕೊಂಡು ಗುಣಿಸಿಬಿಟ್ಟಿದ್ದಾರೆ. ಇದರಲ್ಲಿ ದುರುದ್ದೇಶ ಇರಬೇಕೆಂದೇನೂ ಇಲ್ಲ. ಬಹಳಷ್ಟು ಜನ ಹೀಗೆಯೇ ಮಾಡುತ್ತಾರೆ, ಫೂಟಿಂಗ್ ಕೆಲಸ ಮುಗಿದ ಮೇಲೆ ಉಳಿದ ಕಬ್ಬಿಣವನ್ನು ಬೀಮ್‌ಗೆ ಬಳಸುತ್ತಾರೆ. ಆದರೆ 12 ಎಂಎಂ ಬೇಕಾದಷ್ಟಕ್ಕಿಂತ ನಾನೂರು ಕೆಜಿಗೂ ಹೆಚ್ಚು ತಂದು ಮಳೆಗಾಲದಲ್ಲಿ ಬಯಲಲ್ಲಿ ಇಟ್ಟರೆ ತುಕ್ಕಿನ ಖರ್ಚು ನಿಮ್ಮದು.

ನಕ್ಷೆಯಲ್ಲಿ ಫೂಟಿಂಗ್ 5 ಅಡಿ ಚೌಕ, 16 ಇಂಚು ದಪ್ಪ, ಮೇಲ್ಮೈ ಸಮತಟ್ಟು. 12 ಎಂಎಂ ಸರಳಿನ ಜಾಲರಿ, ಎರಡೂ ದಿಕ್ಕಿಗೆ 6 ಇಂಚಿಗೊಂದು. ಸುತ್ತ 5 ಸೆಂಟಿಮೀಟರ್ ಕವರ್ ಬಿಟ್ಟರೆ ಒಂದು ದಿಕ್ಕಿಗೆ 11 ಸರಳು, ಎರಡು ದಿಕ್ಕಿಗೆ 22. ತುದಿಗಳ ಮಡಿಕೆ ಸೇರಿ ಒಂದೊಂದು 1.7 ಮೀಟರ್. ಒಂದು ಫೂಟಿಂಗ್‌ಗೆ 33 ಕೆಜಿ, ಹನ್ನೆರಡಕ್ಕೆ 398 ಕೆಜಿ. ಘನ ಮೀಟರ್‌ಗೆ 37 ಕೆಜಿ ಮಾತ್ರ. ಕಾಲಂ ಸರಳಿನ ಕೆಳಗಿನ ಮಡಿಕೆಯನ್ನು ಮೇಸ್ತ್ರಿ ಫೂಟಿಂಗ್‌ಗೂ ಸೇರಿಸಿ ಎರಡು ಸಲ ಬರೆದಿರಬಹುದು ಎಂದುಕೊಂಡರೂ 74 ಕೆಜಿ ಸೇರಿ 472 ಆಗುತ್ತದೆ. 864 ಬರುವ ದಾರಿಯೇ ಇಲ್ಲ.

37 ಎಂಬುದು ಕಡಿಮೆಯಾಯಿತೇ ಎಂಬ ಭಯ ಬೇಡ. ಫೂಟಿಂಗ್‌ನ ದಪ್ಪವನ್ನು ನಿರ್ಧರಿಸುವುದು ಬಾಗುವಿಕೆಯಲ್ಲ. ಕಾಲಂ ಕೆಳಗಿನ ಕಾಂಕ್ರೀಟನ್ನು ಚುಚ್ಚಿಕೊಂಡು ಇಳಿಯದಂತೆ ತಡೆಯಲು ಆ ದಪ್ಪ ಬೇಕು. ದಪ್ಪ ಹೆಚ್ಚಾದ ಮೇಲೆ ಬಾಗುವಿಕೆಗೆ ಕಬ್ಬಿಣ ಕಡಿಮೆ ಸಾಕಾಗುತ್ತದೆ. ಜಾಲರಿ ಇರುವುದು ತಳದಲ್ಲಿ ಒಂದೇ ಪದರ, ಅದರ ಮೇಲಿನ 13 ಇಂಚಿನಲ್ಲಿ ಕಾಲಂ ಸರಳು ಬಿಟ್ಟರೆ ಬರೀ ಕಾಂಕ್ರೀಟ್. ಅಷ್ಟೆಲ್ಲ ಬರೀ ಕಾಂಕ್ರೀಟಿನಿಂದ ಭಾಗಿಸಿದರೆ ಅಂಕಿ ಸಣ್ಣದಾಗಲೇಬೇಕು. ಅದೇ ಫೂಟಿಂಗ್ ಅಂಚಿನಲ್ಲಿ 8 ಇಂಚು, ಕಾಲಂ ಬಳಿ 18 ಇಂಚು ಇರುವ ಇಳಿಜಾರಿನದಾಗಿದ್ದರೆ ಕಾಂಕ್ರೀಟ್ ತಗ್ಗಿ, ಅದೇ 33 ಕೆಜಿಗೆ ಅಂಕಿ 46 ಆಗುತ್ತಿತ್ತು. ಕಬ್ಬಿಣ ಒಂದು ಗ್ರಾಂ ಬದಲಾಗಿಲ್ಲ ನೋಡಿ. ನಮ್ಮ ಕಡೆಯ ಸಾಧಾರಣ ಎರಡಂತಸ್ತಿನ ಮನೆಗೆ ಸಮತಟ್ಟಾದ ಬಿಡಿ ಫೂಟಿಂಗ್‌ನಲ್ಲಿ 25ರಿಂದ 45 ಕಂಡರೆ ನಾನು ಮುಂದೆ ಹೋಗುತ್ತೇನೆ. 60 ದಾಟಿದರೆ ನಕ್ಷೆ ತೆರೆಯುತ್ತೇನೆ. ಎರಡು ಕಾಲಂ ಕೂಡಿಸಿದ ಫೂಟಿಂಗ್ ಅಥವಾ ಮನೆಯಡಿ ಪೂರ್ತಿ ಹಾಸುವ ರಾಫ್ಟ್ ಇದ್ದರೆ ಮೇಲೂ ಜಾಲರಿ ಬರುತ್ತದೆ, ಅಲ್ಲಿ ಈ ಅಂಕಿ ನಡೆಯದು.

ಬೀಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಸರಿಯಾಗಿದೆ. ಆದರೆ 167 ಎಲ್ಲಿಂದ ಬಂತು ಎಂದು ತಿಳಿದಿರಲಿ. ನಿಮ್ಮ ಬೀಮ್ 9 ಇಂಚು ಅಗಲ, 400 ಮಿಮೀ ಆಳ. ಅದರಲ್ಲಿ ಮೇಲಿನ 125 ಮಿಮೀ ಸ್ಲ್ಯಾಬ್‌ನೊಳಗೇ ಇದೆ. ಮೇಸ್ತ್ರಿ ಆ ಭಾಗವನ್ನು ಸ್ಲ್ಯಾಬ್‌ನ ಲೆಕ್ಕದಲ್ಲಿ ಬರೆದು, ಬೀಮ್‌ಗೆ ಕೆಳಗೆ ಇಳಿಬಿದ್ದ 275 ಮಿಮೀ ಮಾತ್ರ ಹಿಡಿದಿದ್ದಾರೆ. ಕಾಂಕ್ರೀಟ್ ಅಳತೆಗೆ ಅದೇ ಸರಿಯಾದ ಪದ್ಧತಿ, ಇಲ್ಲದಿದ್ದರೆ ಎರಡು ಸಲ ಎಣಿಸಿದಂತಾಗುತ್ತದೆ. ಪೂರ್ತಿ ಆಳ ಹಿಡಿದರೆ 66 ಮೀಟರ್ ಬೀಮ್‌ಗೆ 6 ಘನ ಮೀಟರ್ ಆಗಿ, ಅಂಕಿ 115ಕ್ಕೆ ಇಳಿಯುತ್ತದೆ. ಒಬ್ಬರ 115, ಇನ್ನೊಬ್ಬರ 167, ಬೀಮ್ ಒಂದೇ. ಯಾರಾದರೂ ಬೀಮ್‌ಗೆ ಇಷ್ಟು ಕೆಜಿ ಎಂದರೆ, ಸ್ಲ್ಯಾಬ್‌ನ ದಪ್ಪ ಸೇರಿಸಿಯೋ ಬಿಟ್ಟೋ ಎಂದು ಕೇಳದೆ ಆ ಮಾತನ್ನು ಮುಂದುವರಿಸಬೇಡಿ.

ಇನ್ನು ಸ್ಲ್ಯಾಬ್. ಇಲ್ಲಿ ಮಾತ್ರ ಮೇಸ್ತ್ರಿಯನ್ನು ಕೂರಿಸಿಕೊಂಡು ನಿಧಾನವಾಗಿ ಕೇಳಬೇಕು. 90 ಚದರ ಮೀಟರ್ ಛಾವಣಿ, ದಪ್ಪ 5 ಇಂಚು, ಅಂದರೆ 125 ಮಿಮೀ. ನಕ್ಷೆಯಲ್ಲಿ 8 ಎಂಎಂ ಸರಳು, ಎರಡೂ ದಿಕ್ಕಿಗೆ 6 ಇಂಚಿಗೊಂದು. ಒಂದು ಮೀಟರ್ ಅಗಲದಲ್ಲಿ 6.67 ಸರಳು, ಅದನ್ನು 0.395ರಿಂದ ಗುಣಿಸಿದರೆ 2.63 ಕೆಜಿ, ಎರಡು ದಿಕ್ಕಿಗೆ ಚದರ ಮೀಟರ್‌ಗೆ 5.3 ಕೆಜಿ. ಇದು ಕೆಳಗಿನ ಜಾಲರಿ. ಬೀಮ್‌ಗಳ ಮೇಲೆ ಬರುವ ಮೇಲ್ಸರಳು, ಅವನ್ನು ಹಿಡಿಯುವ ಅಡ್ಡ ಸರಳು, ಇವಕ್ಕೆ ನಿಮ್ಮ ನಕ್ಷೆಯಲ್ಲಿ ಸರಾಸರಿ 2.5 ಕೆಜಿ ಬರುತ್ತದೆ. ಜೋಡಣೆಗೆ ಮತ್ತು ಮೇಲ್ಸರಳನ್ನು ಎತ್ತಿ ಹಿಡಿಯುವ ಚೇರ್‌ಗಳಿಗೆ ಇನ್ನೊಂದಿಷ್ಟು. ಒಟ್ಟು ಚದರ ಮೀಟರ್‌ಗೆ 8.1 ಕೆಜಿ, ಛಾವಣಿಗೆ 730 ಕೆಜಿ, ಘನ ಮೀಟರ್‌ಗೆ 65.

ಪಟ್ಟಿಯಲ್ಲಿರುವುದು 1,140. ಇದನ್ನು 730ರಿಂದ ಭಾಗಿಸಿದರೆ 1.56. ಈ ಅಂಕಿಯನ್ನು ನಾನು ಬಹಳ ಕಡೆ ನೋಡಿದ್ದೇನೆ. 10 ಎಂಎಂ ಸರಳಿನ ತೂಕವನ್ನು 8 ಎಂಎಂ ಸರಳಿನ ತೂಕದಿಂದ ಭಾಗಿಸಿದರೂ ಬರುವುದು ಇದೇ 1.56. ಅಂದರೆ 8 ಎಂಎಂ ಇರಬೇಕಾದ ಕಡೆಯಲ್ಲೆಲ್ಲ 10 ಎಂಎಂ ಹಿಡಿದು ಲೆಕ್ಕ ಹಾಕಿರುವ ಸಾಧ್ಯತೆ ದೊಡ್ಡದು. ಇನ್ನೊಂದು ಸಾಧ್ಯತೆಯೂ ಇದೆ. 8 ಎಂಎಂ ಸರಳನ್ನೇ 6 ಇಂಚಿನ ಬದಲು 4 ಇಂಚಿಗೊಂದರಂತೆ ಹಿಡಿದರೆ ಕಬ್ಬಿಣ ಒಂದೂವರೆ ಪಟ್ಟು ಆಗುತ್ತದೆ, ಅದೂ ಈ ಅಂಕಿಯ ಹತ್ತಿರವೇ ಬರುತ್ತದೆ. ಯಾವುದೆಂದು ಮೊತ್ತ ನೋಡಿ ಹೇಳಲಾಗದು. ಪಟ್ಟಿಯಲ್ಲಿ ಯಾವ ಎಂಎಂ ಎಷ್ಟು ಕೆಜಿ ಎಂದು ಬಿಡಿಸಿ ಬರೆಸಿಕೊಂಡರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಮೆಟ್ಟಿಲಿನ ಕಬ್ಬಿಣವನ್ನೂ ಕಿಟಕಿಯ ಮೇಲಿನ ಛಜ್ಜಾಗಳನ್ನೂ ಸ್ಲ್ಯಾಬ್‌ನ ಸಾಲಿಗೇ ಸೇರಿಸಿದ್ದಾರೆಯೇ ಎಂದೂ ಕೇಳಿ. ಸೇರಿಸಿದ್ದರೆ ಇನ್ನೂರು ಕೆಜಿಯಷ್ಟು ನ್ಯಾಯವಾಗಿ ಕಳೆಯುತ್ತದೆ. ನಾನೂರು ಪೂರ್ತಿ ಕಳೆಯುವುದಿಲ್ಲ.

10 ಎಂಎಂ ಹಾಕಿದರೆ ಛಾವಣಿ ಗಟ್ಟಿಯಾಗುತ್ತದಲ್ಲ, ಇರಲಿ ಬಿಡಿ ಎಂದು ಮನೆಯವರು ಹೇಳಬಹುದು. ಗಟ್ಟಿ ಮಾಡಬೇಕೆಂದಿದ್ದರೆ ಇಂಜಿನಿಯರ್ ಹೇಳಲಿ. ಮೇಸ್ತ್ರಿ ತನ್ನಷ್ಟಕ್ಕೆ 10 ಎಂಎಂ ತರಿಸಿದಾಗ ಒಂದು ಅಪಾಯವಿದೆ: ಸರಳು ದಪ್ಪವಿದೆಯಲ್ಲ ಎಂಬ ಧೈರ್ಯದಲ್ಲಿ 6 ಇಂಚು ಹೋಗಿ 9 ಇಂಚಾಗುತ್ತದೆ. ಒಟ್ಟು ತೂಕ ನೋಡಿದರೆ ನಕ್ಷೆಯಷ್ಟೇ ಇರುತ್ತದೆ, ಆದರೆ ಸರಳುಗಳ ನಡುವೆ ಬಿರುಕಿಗೆ ಜಾಗ ಹೆಚ್ಚಾಗುತ್ತದೆ.

ಇಷ್ಟು ಹೊತ್ತು ಹೆಚ್ಚಾದ ಅಂಕಿಗಳ ಬಗ್ಗೆ ಹೇಳಿದೆ. ಹೆಚ್ಚಾದರೆ ಹೋಗುವುದು ಹಣ. ನನಗೆ ನಿಜವಾಗಿ ನಿದ್ದೆಗೆಡಿಸುವುದು ಕಡಿಮೆಯಾದ ಅಂಕಿ, ಅದರಲ್ಲೂ ಸ್ಲ್ಯಾಬ್‌ನಲ್ಲಿ 42. ಮೇಲಿನ ಲೆಕ್ಕಕ್ಕೆ ಮತ್ತೊಮ್ಮೆ ಹೋಗಿ: ಕೆಳಗಿನ ಜಾಲರಿ ಚದರ ಮೀಟರ್‌ಗೆ 5.3 ಕೆಜಿ. ಅದನ್ನು 0.125ರಿಂದ ಭಾಗಿಸಿದರೆ 42. ಅಂದರೆ 5 ಇಂಚಿನ ಛಾವಣಿಗೆ, 8 ಎಂಎಂ 6 ಇಂಚಿಗೊಂದರ ನಕ್ಷೆಗೆ, ಪಟ್ಟಿ 42ರ ಆಸುಪಾಸು ಬಂದರೆ ಮೇಲ್ಸರಳು ಇಲ್ಲವೇ ಇಲ್ಲ.

ಯಾದಗಿರಿ ಕಡೆಯ ಒಂದು ಮನೆಯಲ್ಲಿ ನನಗೆ ಹೀಗೆಯೇ ಆಯಿತು. ಕಾಂಕ್ರೀಟ್ ಹಾಕಲು ಎರಡು ದಿನ ಇತ್ತು. ಪಟ್ಟಿಯ ಅಂಕಿ 43 ಬಂದದ್ದರಿಂದ ಅನುಮಾನ ಬಂದು ಹೋಗಿ ನೋಡಿದರೆ, ಸೆಂಟ್ರಿಂಗ್ ಮೇಲೆ ಜಾಲರಿ ಅಚ್ಚುಕಟ್ಟಾಗಿ ಹಾಸಿತ್ತು, ಬೀಮ್‌ಗಳ ಮೇಲೆ ಒಂದೂ ಸರಳಿರಲಿಲ್ಲ. ಆ ಮೇಸ್ತ್ರಿ ವಯಸ್ಸಾದವರು, ಕೆಲಸದಲ್ಲಿ ಪಳಗಿದವರು. ಅವರು ಕಲಿತದ್ದು ಶಹಾಬಾದ್ ಕಲ್ಲಿನ ಚಪ್ಪಡಿಯ ಛಾವಣಿಯಲ್ಲಿ. ಚಪ್ಪಡಿ ಒಂದು ಆಸರೆಯಿಂದ ಇನ್ನೊಂದು ಆಸರೆಗೆ ಬಿಡಿಬಿಡಿಯಾಗಿ ಕೂರುತ್ತದೆ, ಬಾಗಿದರೆ ಕೆಳಗಿನ ಮೈ ಮಾತ್ರ ಎಳೆಯಲ್ಪಡುತ್ತದೆ. ಕಾಂಕ್ರೀಟ್ ಛಾವಣಿ ಹಾಗಲ್ಲ. ನಾಲ್ಕಾರು ಕೋಣೆಗಳ ಮೇಲೆ ಒಂದೇ ಹಾಳೆಯಂತೆ ಹರಡಿರುತ್ತದೆ. ಕೋಣೆಯ ನಡುವೆ ಅದು ಕೆಳಕ್ಕೆ ಬಾಗಿದಾಗ ಬೀಮ್‌ನ ಮೇಲೆ ಬೆನ್ನು ಉಬ್ಬುತ್ತದೆ, ಅಲ್ಲಿ ಎಳೆತ ಬೀಳುವುದು ಮೇಲಿನ ಮೈಗೆ. ಅಲ್ಲಿ ಸರಳಿಲ್ಲದಿದ್ದರೆ ಬೀಮ್‌ನ ಗುಂಟ ಛಾವಣಿಯ ಮೇಲೆ ಉದ್ದ ಬಿರುಕು ಬಿಡುತ್ತದೆ, ಮಳೆ ನೀರು ಇಳಿದು ಒಳಗಿನ ಗೋಡೆಗಳ ತಲೆ ಒದ್ದೆಯಾಗುತ್ತದೆ. ಜನ ಅದನ್ನು ಸಿಮೆಂಟಿನ ದೋಷ ಎಂದುಕೊಂಡು ಮೇಲೆ ಗಿಲಾವು ಮಾಡುತ್ತಾರೆ, ಮುಂದಿನ ವರ್ಷ ಬಿರುಕು ಮತ್ತೆ ಅಲ್ಲಿಯೇ ಕಾಣುತ್ತದೆ. ಯಾದಗಿರಿಯ ಆ ಮನೆಯಲ್ಲಿ ಕಾಂಕ್ರೀಟ್ ಮೂರು ದಿನ ಮುಂದೆ ಹೋಯಿತು, ಮೇಲ್ಸರಳು ಕಟ್ಟಿದರು. ಬಾಲ್ಕನಿಯಂತೆ ಹೊರಕ್ಕೆ ಚಾಚಿದ ಭಾಗದಲ್ಲಿ ಈ ತಪ್ಪಾದರೆ ಬಿರುಕಿನಲ್ಲಿ ಮುಗಿಯುವುದಿಲ್ಲ, ಆ ಭಾಗವೇ ಕಳಚಿ ಬೀಳುತ್ತದೆ. ಅಲ್ಲಿ ಮುಖ್ಯ ಸರಳು ಇರುವುದೇ ಮೇಲೆ.

ಈ ಲೆಕ್ಕಕ್ಕೆ ಕಾಣದ ಸಂಗತಿಯೂ ಇದೇ. ಘನ ಮೀಟರ್‌ಗೆ 65 ಕೆಜಿ ಸರಿಯಾಗಿ ಬಂದು, ಮೇಲ್ಸರಳನ್ನೆಲ್ಲ ಕಾಂಕ್ರೀಟ್ ಸುರಿಯುವ ಹುಡುಗರು ತುಳಿದು ಕೆಳಗಿನ ಜಾಲರಿಗೆ ಅಂಟಿಸಿಬಿಟ್ಟರೆ ಅಂಕಿ ಬದಲಾಗುವುದಿಲ್ಲ, ಆ ಸರಳು ಮಾತ್ರ ಇದ್ದೂ ಇಲ್ಲದಂತೆ. ತೂಕ ಹೇಳುವುದು ಕಬ್ಬಿಣ ಎಷ್ಟು ಇದೆ ಎಂದು ಮಾತ್ರ, ಎಲ್ಲಿ ಇದೆ ಎಂದಲ್ಲ. ಅದಕ್ಕೆ ಚೇರ್‌ಗಳು ಬೇಕು, ಹಲಗೆ ಹಾಸಿ ಅದರ ಮೇಲೆ ನಡೆಯಬೇಕು.

ಇನ್ನು ಅಂಕಿಯ ಸುತ್ತ ಎಷ್ಟು ಸಡಿಲ ಬಿಡಬೇಕು ಎಂಬ ಪ್ರಶ್ನೆ. ಸರಳಿನ ತೂಕವೇ ಪೂರ್ತಿ ನಿಖರವಲ್ಲ. ಸರಳುಗಳ ಭಾರತೀಯ ಮಾನಕ ಐಎಸ್ 1786ರ ಪ್ರಕಾರ 10 ಎಂಎಂವರೆಗಿನ ಸರಳು ಲೆಕ್ಕದ ತೂಕಕ್ಕಿಂತ ಶೇಕಡ 7ರಷ್ಟು ಹೆಚ್ಚು ಅಥವಾ ಕಡಿಮೆ ಇರಬಹುದು, ಅದಕ್ಕಿಂತ ದಪ್ಪದ್ದು 16 ಎಂಎಂವರೆಗೆ ಶೇಕಡ 5, ಅದರ ಮೇಲೆ ಶೇಕಡ 3. ಕತ್ತರಿಸಿ ಉಳಿಯುವ ಚೂರುಗಳಿಗೆ ಇನ್ನು ಮೂರರಿಂದ ಐದು. ಆದ್ದರಿಂದ ನಿಮ್ಮ ಸ್ವಂತ ಎಣಿಕೆಗೂ ಮೇಸ್ತ್ರಿಯ ಪಟ್ಟಿಗೂ ಹತ್ತರಲ್ಲಿ ಒಂದು ಪಾಲು ವ್ಯತ್ಯಾಸವಿದ್ದರೆ ಜಗಳಕ್ಕೆ ಹೋಗಬೇಡಿ. ನಾಲ್ಕರಲ್ಲಿ ಒಂದು ಪಾಲು ದಾಟಿದರೆ ಕಾರಣ ಕೇಳದೆ ಬಿಡಬೇಡಿ. ಕಾಂಕ್ರೀಟನ್ನು ನಮ್ಮ ಕಡೆ ಇನ್ನೂ ಘನ ಅಡಿಯಲ್ಲಿ, ನೂರು ಘನ ಅಡಿಯ ಬ್ರಾಸ್‌ನಲ್ಲಿ ಅಳೆಯುವ ಮೇಸ್ತ್ರಿಗಳಿದ್ದಾರೆ. ಒಂದು ಘನ ಮೀಟರ್ ಎಂದರೆ 35.3 ಘನ ಅಡಿ. ಭಾಗಿಸುವ ಮೊದಲು ಎರಡೂ ಕಡೆಯ ಅಳತೆ ಒಂದೇ ಆಗಿರಲಿ.

ಮೇಸ್ತ್ರಿಯ ಬಳಿ ಹೋಗುವಾಗ ನನ್ನ ಅಂಕಿಗಳನ್ನು ಮುಂದೆ ಹಿಡಿಯಬೇಡಿ, ನಕ್ಷೆಯನ್ನು ಹಿಡಿದು ಹೋಗಿ. ಒಂದು ಫೂಟಿಂಗ್‌ಗೆ ಎಷ್ಟು ಸರಳು, ಒಂದೊಂದು ಎಷ್ಟು ಉದ್ದ ಎಂದು ಅವರ ಬಾಯಿಂದಲೇ ಹೇಳಿಸಿ, ಅವರ ಮುಂದೆಯೇ ಗುಣಿಸಿ. ಕಾಲಂನಲ್ಲಿ ಅಷ್ಟು ಸರಿಯಾಗಿ ಎಣಿಸಿದವರಿಗೆ ಫೂಟಿಂಗ್‌ನ ತಪ್ಪು ತಾವೇ ಕಾಣುತ್ತದೆ. ಸ್ಲ್ಯಾಬ್‌ಗೆ 8 ಎಂಎಂ ಎಷ್ಟು, 10 ಎಂಎಂ ಎಷ್ಟು ಎಂದು ಬಿಡಿಸಿ ಬರೆಸಿಕೊಳ್ಳಿ, ಅದು ಬರುವವರೆಗೆ ಛಾವಣಿಯ ಕಬ್ಬಿಣಕ್ಕೆ ಮುಂಗಡ ಕೊಡಬೇಡಿ. ಫೂಟಿಂಗ್ ಮತ್ತು ಕಾಲಂ ಕಬ್ಬಿಣವನ್ನು ಈಗಲೇ ತರಿಸಬಹುದು: 12 ಎಂಎಂ 420 ಕೆಜಿ, ರಿಂಗ್‌ಗಳಿಗೆ 8 ಎಂಎಂ 230 ಕೆಜಿ, 16 ಎಂಎಂ ಸರಳು 12 ಮೀಟರ್‌ನವು 72. ಪ್ಲಿಂತ್ ಬೀಮ್ ನಿಮ್ಮ ಪಟ್ಟಿಯಲ್ಲಿ ಎಲ್ಲಿಯೂ ಕಾಣಲಿಲ್ಲ. ಎರೆ ಭೂಮಿಯಲ್ಲಿ ಅದನ್ನು ಬಿಡುವಂತಿಲ್ಲ, ನಕ್ಷೆಯಲ್ಲಿಯೂ ಇದೆ. ಅದರ ಕಬ್ಬಿಣ ಎಲ್ಲಿ ಬರೆದಿದ್ದಾರೆ ಎಂದು ಮೊದಲು ಅದನ್ನೇ ಕೇಳಿ.